ಹೊಸ ಸಿಮ್‌ಗೆ ಯಾವ ನಂಬರ್? ಕೂಡಿ ನೋಡುವ ಮೊದಲು ಹೇಳಿ ನೋಡಿ

ಹೊಸ ಸಿಮ್ ಕೊಳ್ಳಲು ಹೋದಾಗ ಅಂಗಡಿಯವರು ನಾಲ್ಕೈದು ನಂಬರ್ ತೋರಿಸಿ ‘ಯಾವುದು ಬೇಕು’ ಎಂದು ಕೇಳುತ್ತಾರೆ. ನಮ್ಮಲ್ಲಿ ಹಲವರು ಆಗ ಮಾಡುವ ಮೊದಲ ಕೆಲಸ ಅಂಕೆಗಳನ್ನೆಲ್ಲ ಕೂಡುವುದು. ಮೊತ್ತ ಎಂಟು ಬಂದರೆ ಶನಿ, ಬೇಡ; ಒಂದು ಬಂದರೆ ಸೂರ್ಯ, ಒಳ್ಳೆಯದು. ಆಮೇಲೆ ಆ ನಂಬರು ಬ್ಯಾಂಕ್, ಆಧಾರ್, ಪಡಿತರ ಚೀಟಿ, ಮಕ್ಕಳ ಶಾಲೆ ಎಲ್ಲಕ್ಕೂ ಜೋಡಣೆಯಾಗುತ್ತದೆ, ಬದಲಿಸುವುದು ಕಷ್ಟವಾಗುತ್ತದೆ. ಹಾಗಾದರೆ ಆ ಐದು ನಿಮಿಷದಲ್ಲಿ ನಾವು ನಿಜವಾಗಿ ನೋಡಬೇಕಾದ್ದು ಏನು?

ಗುಂಡ್ಲುಪೇಟೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮೈಸೂರಿನಿಂದ ಬರುವ ಹೆದ್ದಾರಿ ಇಲ್ಲಿ ಕವಲೊಡೆದು ಒಂದು ಸುಲ್ತಾನ್ ಬತ್ತೇರಿಗೆ, ಇನ್ನೊಂದು ಊಟಿಗೆ ಹೋಗುತ್ತದೆ. ಇಲ್ಲಿನ ತರಕಾರಿ, ಚೆಂಡು ಹೂವು ಗಡಿ ದಾಟಿ ಮಾರಾಟವಾಗುತ್ತವೆ. ಆದ್ದರಿಂದ ಇಲ್ಲೊಬ್ಬ ಬೆಳೆಗಾರ ತನ್ನ ನಂಬರನ್ನು ಕನ್ನಡದವರಿಗಷ್ಟೇ ಅಲ್ಲ, ಮಲಯಾಳ, ತಮಿಳು ಮಾತಾಡುವವರಿಗೂ, ಅದೂ ಲಾರಿ ಸದ್ದಿನ ನಡುವೆ, ಹೇಳಬೇಕಾಗುತ್ತದೆ. ಅವನ ಮುಂದೆ ಮೂರು ನಂಬರ್ ಇವೆ ಎಂದುಕೊಳ್ಳಿ. ಮೂರಕ್ಕೂ ಮೊದಲ ಐದು ಅಂಕೆ ಒಂದೇ, ಅವುಗಳ ಮೊತ್ತ 31. ಕೊನೆಯ ಐದು ಅಂಕೆ ಮಾತ್ರ ಬೇರೆ: 27726, 44444, 41008.

ಮೊದಲು ಕಿವಿಯ ಪರೀಕ್ಷೆ. ನಮ್ಮಲ್ಲಿ ಹೆಚ್ಚಿನವರು ನಂಬರನ್ನು ಜೋಡಿ ಜೋಡಿಯಾಗಿ ಹೇಳುತ್ತೇವೆ. ಹಾಗೆ ಹೇಳಿದರೆ 27726 ‘ಇಪ್ಪತ್ತೇಳು, ಎಪ್ಪತ್ತೆರಡು, ಆರು’ ಆಗುತ್ತದೆ. ‘ಇಪ್ಪತ್ತು’ ಮತ್ತು ‘ಎಪ್ಪತ್ತು’ ನಡುವೆ ಇರುವುದು ಒಂದೇ ಸ್ವರದ ವ್ಯತ್ಯಾಸ. ಸಿಗ್ನಲ್ ಸರಿಯಿಲ್ಲದಾಗ ಮೊದಲು ಕಳೆದುಹೋಗುವುದು ಇಂಥದೇ. ‘ಒಂಬತ್ತು, ಎಂಬತ್ತು, ತೊಂಬತ್ತು’ ಇನ್ನೊಂದು ಇಂಥ ಗುಂಪು. ಗಡಿಯಾಚೆ ಇದರ ತೊಡಕು ಇನ್ನೂ ಹೆಚ್ಚು. ತಮಿಳು, ಮಲಯಾಳಗಳಲ್ಲಿ 90 ಎಂದರೆ ‘ತೊಣ್ಣೂರು’. ನಮ್ಮ ‘ತೊಂಬತ್ತು’ ಅವರ ಕಿವಿಗೆ ತಮ್ಮ ಒಂಬತ್ತರ ಹಾಗೆ ಕೇಳಿಸಬಹುದು. ಇಂಗ್ಲಿಷಿನಲ್ಲಿ ಹೇಳಿದರೂ ಪೂರ್ತಿ ಪಾರಾಗುವುದಿಲ್ಲ. ‘ಫೈವ್’ ಮತ್ತು ‘ನೈನ್’ ಬೆರೆತುಹೋಗುತ್ತವೆಂದೇ ವಿಮಾನದ ರೇಡಿಯೊದಲ್ಲಿ ಒಂಬತ್ತನ್ನು ‘ನೈನರ್’ ಎನ್ನುತ್ತಾರೆ.

44444 ನೋಡಲು ಬಲು ಸುಲಭ, ಆದರೆ ಹೇಳುವಾಗ ಬೇರೆ ತೊಂದರೆ. ‘ಐದು ನಾಲ್ಕು’ ಎಂದರೆ ಕೇಳಿದವರು 54 ಎಂದು ಬರೆದುಕೊಳ್ಳಬಹುದು. ‘ನಾಲ್ಕು ನಾಲ್ಕು ನಾಲ್ಕು’ ಎಂದು ಹೇಳುತ್ತಾ ಹೋದರೆ ಎಷ್ಟು ಬಾರಿ ಹೇಳಿದೆವು ಎಂಬ ಲೆಕ್ಕ ಇಬ್ಬರಿಗೂ ತಪ್ಪುತ್ತದೆ. ಎರಡು ಅಂಕೆ ಒಂದೇ ಆಗಿದ್ದರೆ ನೆನಪಿಗೆ ಸಹಾಯ. ಐದೂ ಒಂದೇ ಆದರೆ ಎಣಿಸುವ ಕೆಲಸ ಶುರು. 41008 ಈ ದೃಷ್ಟಿಯಿಂದ ವಾಸಿ. ‘ನಾಲ್ಕು, ಒಂದು, ಸೊನ್ನೆ ಸೊನ್ನೆ, ಎಂಟು’ ಎಂದು ಬಿಡಿಯಾಗಿ ಹೇಳಿದರೆ ಒಂದರಂತೆ ಇನ್ನೊಂದು ಕೇಳುವುದಿಲ್ಲ, ಜೋಡಿ ಸೊನ್ನೆ ಐದರ ಗುಂಪಿನೊಳಗೇ ಇದೆ. ಪರೀಕ್ಷೆ ಸುಲಭ: ಅಂಗಡಿಯಲ್ಲಿರುವ ಯಾರಿಗಾದರೂ ನಿಮ್ಮ ಮಾಮೂಲಿ ವೇಗದಲ್ಲಿ ಒಮ್ಮೆ ಹೇಳಿ, ಅವರು ಬರೆದುಕೊಂಡದ್ದನ್ನು ನೋಡಿ.

ಎರಡನೆಯದು ನಂಬರಿನ ಹಿಂದಿನ ಜನ್ಮ. ‘ಹೊಸ ಸಿಮ್’ ಎಂದರೆ ಹೊಸ ನಂಬರ್ ಎಂದಲ್ಲ. ಬಳಕೆ ನಿಂತು ಕಡಿತವಾದ ನಂಬರನ್ನು ಕನಿಷ್ಠ 90 ದಿನ ಬಿಟ್ಟು ಕಂಪನಿಗಳು ಬೇರೆಯವರಿಗೆ ಕೊಡಬಹುದು. 2023ರಲ್ಲಿ ಟ್ರಾಯ್ ಇದನ್ನು ಸುಪ್ರೀಂ ಕೋರ್ಟಿಗೂ ತಿಳಿಸಿತ್ತು. 9ರಿಂದ ಶುರುವಾಗುವ ನಂಬರಿಗೆ ಹೆಚ್ಚು ಬೆಲೆ ಎಂಬ ಭಾವನೆ ಇದೆಯಲ್ಲ, ಅದರ ಇನ್ನೊಂದು ಮುಖ ಇಲ್ಲಿದೆ. ಆ ಸರಣಿಗಳು ಹಳೆಯವು, ಆದ್ದರಿಂದ ಮೊದಲೇ ಯಾರದೋ ಕೈಯಲ್ಲಿದ್ದಿರುವ ಸಾಧ್ಯತೆ ಹೆಚ್ಚು. 6ರಿಂದ ಶುರುವಾಗುವವು ಈಚಿನವು, ಆದರೂ ಅವೂ ಈಗ ಮರುಬಳಕೆಯಾಗುತ್ತಿವೆ.

ತಿಳಿಯುವುದು ಹೇಗೆ? ಆಯ್ಕೆಗೆ ಮೊದಲೇ ನಂಬರುಗಳನ್ನು ಬರೆದುಕೊಂಡು ಯುಪಿಐ ಆ್ಯಪ್‌ನಲ್ಲಿ ಹಾಕಿ ನೋಡಿ. ಹಣ ಕಳಿಸಬೇಕಿಲ್ಲ; ಯಾರದಾದರೂ ಹೆಸರು ಬಂದರೆ ಆ ನಂಬರು ಇನ್ನೂ ಹಳೆಯ ಬ್ಯಾಂಕ್ ಖಾತೆಗೆ ಅಂಟಿಕೊಂಡಿದೆ ಎಂದರ್ಥ. ಆ ವ್ಯಕ್ತಿಯ ಓಟಿಪಿಗಳು ನಿಮಗೆ, ನಿಮ್ಮವರು ಕಳಿಸಿದ ಹಣ ಅವರಿಗೆ ಹೋಗುವ ಅಪಾಯ ಇಲ್ಲಿದೆ. ವಾಟ್ಸ್ಆ್ಯಪ್‌ನಲ್ಲಿ ಅಪರಿಚಿತರ ಫೋಟೊ ಕಂಡರೂ ಹುಷಾರಾಗಿ: ಅವರು ಅಲ್ಲಿ ಪಿನ್ ಇಟ್ಟುಕೊಂಡಿದ್ದರೆ ನಿಮ್ಮ ಖಾತೆ ತೆರೆಯಲು ಏಳು ದಿನ ಕಾಯಬೇಕಾಗಬಹುದು. ಟ್ರೂಕಾಲರ್‌ನಲ್ಲಿ ‘ಸ್ಪ್ಯಾಮ್’ ಎಂದು ಕೆಂಪಾಗಿ ಬಂದರೆ ನೀವು ಕರೆ ಮಾಡಿದಾಗ ಜನ ಎತ್ತುವುದೇ ಇಲ್ಲ. ಆದರೆ ಇವು ಯಾವುದರಲ್ಲೂ ಏನೂ ಕಾಣದಿದ್ದರೆ ನಂಬರು ಹೊಚ್ಚ ಹೊಸದು ಎಂದು ಸಾಬೀತಾಗುವುದಿಲ್ಲ. ಅದು ಗೊತ್ತಾಗುವುದು ಮೊದಲ ತಿಂಗಳಲ್ಲಿ. ಕರೆ ಮಾಡಿದವರು ಬೇರೆ ಯಾರದೋ ಹೆಸರು ಹಿಡಿದು ಸಾಲದ ಕಂತು ಕೇಳಿದರೆ ಅದು ಹಳೆಯ ಮಾಲೀಕರ ಬಾಕಿ. ಹೆಸರಿಲ್ಲದೆ ‘ಲೋನ್ ಬೇಕಾ’ ಎಂದು ಬರುವ ಕರೆಗೆ ಇತಿಹಾಸ ಬೇಕಿಲ್ಲ, ಅದು ಎಲ್ಲರಿಗೂ ಬರುತ್ತದೆ. ಎರಡನೆಯದಕ್ಕೆ 1909ರಲ್ಲಿ ನೋಂದಾಯಿಸಿದರೆ ಸ್ವಲ್ಪ ಕಡಿಮೆಯಾಗುತ್ತದೆ. ಮೊದಲನೆಯದಕ್ಕೆ ಅದು ಮದ್ದಲ್ಲ. ಪಾಠವೆಂದರೆ, ಈ ಒಂದು ತಿಂಗಳು ಕಳೆಯುವವರೆಗೆ ನಂಬರನ್ನು ಬ್ಯಾಂಕಿಗೆ ಜೋಡಿಸದಿರುವುದು ಒಳಿತು.

44444ರಂಥ ನಂಬರಿಗೆ ಇಲ್ಲೂ ಒಂದು ತೊಂದರೆ ಇದೆ. ಅಂಗಡಿ, ಮಾಲ್‌ಗಳಲ್ಲಿ ನಂಬರ್ ಕೇಳಿದಾಗ ಕೊಡಲು ಮನಸ್ಸಿಲ್ಲದವರು ಬಾಯಿಗೆ ಬಂದದ್ದನ್ನು ಹೇಳುತ್ತಾರೆ, ಬಾಯಿಗೆ ಬರುವುದು ಇಂಥ ಸರಳ ನಂಬರೇ. ಅವರಿಗೆ ಬರಬೇಕಾದ ಜಾಹೀರಾತೆಲ್ಲ ಅದರ ನಿಜವಾದ ಮಾಲೀಕರಿಗೆ ಬರುತ್ತದೆ. ಫ್ಯಾನ್ಸಿ ನಂಬರಿಗೆ ಹೆಚ್ಚು ದುಡ್ಡು ಕೊಡುವ ಮುಂಚೆ ಇದನ್ನು ನೆನೆಯಬೇಕು.

ಇನ್ನು ಅದೃಷ್ಟ. ಕೂಡಿ ನೋಡೋಣ. 27726ರ ಮೊತ್ತ 24, ಮೊದಲ ಐದರ 31 ಸೇರಿ 55, ಅದು 10, ಕೊನೆಗೆ 1. 44444ಕ್ಕೆ 51, ಅಂದರೆ 6. 41008ಕ್ಕೆ 44, ಅಂದರೆ 8. ಕೂಡಿ ನೋಡುವವರು ಮೊದಲನೆಯದನ್ನು ಆರಿಸಿ ಕೊನೆಯದನ್ನು ಬಿಡುತ್ತಾರೆ. ಆದರೆ ಇದೇ ನಂಬರಿಗೆ ವಾಟ್ಸ್ಆ್ಯಪ್ ಮುಂದೆ +91 ಸೇರಿಸಿ ತೋರಿಸುತ್ತದೆ. 9 ಮತ್ತು 1 ಸೇರಿಸಿದರೆ 44 ಹೋಗಿ 54 ಆಗುತ್ತದೆ, ಶನಿಯ 8 ಒಮ್ಮೆಲೇ 9! ಸೂರ್ಯನ 1 ಕೂಡ 2 ಆಗಿಬಿಡುತ್ತದೆ. ಒಂದೇ ಸಿಮ್, ಒಂದೇ ಮನುಷ್ಯ, ಬರೆಯುವ ರೀತಿ ಬದಲಾದರೆ ಗ್ರಹವೂ ಬದಲು. ಜೊತೆಗೆ ಸಾಲಾಗಿ ಬರುವ ಯಾವುದೇ ಒಂಬತ್ತು ನಂಬರುಗಳಲ್ಲಿ 1ರಿಂದ 9ರವರೆಗಿನ ಪ್ರತಿ ಮೊತ್ತವೂ ಒಂದೊಂದು ಬಾರಿ ಬಂದೇ ಬರುತ್ತದೆ. ದೇಶದಲ್ಲಿ 100 ಕೋಟಿಗೂ ಹೆಚ್ಚು ಮೊಬೈಲ್ ಸಂಪರ್ಕಗಳಿವೆ. ಹಾಗಿದ್ದರೆ ಹೆಚ್ಚುಕಡಿಮೆ 11 ಕೋಟಿ ಸಂಪರ್ಕಗಳು ಎಂಟರವು. ಅವರೆಲ್ಲರ ವ್ಯಾಪಾರ ಕೆಡಬೇಕಿತ್ತು.

ಮನೆಯಲ್ಲಿ ಹಿರಿಯರಿಗೆ ಎಂಟು ಬೇಡವಾದರೆ ಅದಕ್ಕಾಗಿ ಜಗಳ ಬೇಕಿಲ್ಲ. ಕಿವಿಯ ಪರೀಕ್ಷೆ, ಹಿಂದಿನ ಮಾಲೀಕರ ಪರೀಕ್ಷೆ ಎರಡರಲ್ಲೂ ಗೆದ್ದ ಎರಡು ನಂಬರ್ ಉಳಿದರೆ, ಅವುಗಳಲ್ಲಿ ಅವರಿಗೆ ಇಷ್ಟವಾದದ್ದನ್ನು ಆರಿಸಿ. ಕೂಡುವ ಲೆಕ್ಕ ಮೊದಲು ಬಂದರೆ ಮಾತ್ರ ಕಷ್ಟ: ನಮ್ಮ ಬೆಳೆಗಾರ ‘ಸೂರ್ಯನ ನಂಬರ್’ ಎಂದು 27726 ಹಿಡಿದರೆ, ಬತ್ತೇರಿಯ ವ್ಯಾಪಾರಿ ಬರೆದುಕೊಳ್ಳುವುದು 77726. ಟೊಮೆಟೊ ತುಂಬಿದ ಗಾಡಿ ನಿಂತಿರುತ್ತದೆ, ಫೋನ್ ಇನ್ನೆಲ್ಲೋ ರಿಂಗಾಗುತ್ತಿರುತ್ತದೆ.