ಬಿಲ್ಲಿನ ಕೆಳಗಿನ ಪಟ್ಟಿ

ಕೊಡಿಗೇನಹಳ್ಳಿಯ ರೈತನೊಬ್ಬ 6,000 ರೂಪಾಯಿಯ ಡ್ರಿಪ್ ಲ್ಯಾಟರಲ್ ಪೈಪು, ಟ್ರ್ಯಾಕ್ಟರ್ ತೊಳೆಯಲು 10,000 ರೂಪಾಯಿಯ ಪ್ರೆಶರ್ ವಾಷರ್ ಒಟ್ಟಿಗೇ ಕೊಂಡ ಎನ್ನಿ. ಎರಡರ ಎಚ್‌ಎಸ್‌ಎನ್ ಕೋಡಿನ ಮೊದಲ ನಾಲ್ಕಂಕಿಯೂ 8424. ಆದರೆ 2025ರ ಸೆಪ್ಟೆಂಬರ್ 22ರಿಂದ ಡ್ರಿಪ್ಪಿಗೆ ಜಿಎಸ್‌ಟಿ ಶೇ. 5, ವಾಷರ್‌ಗೆ ಮಾತ್ರ ಮೊದಲಿನಂತೆ ಶೇ. 18. ಹಾಗಾಗಿ ಬಿಲ್ಲಿನ ಕೆಳಗಿನ ತೆರಿಗೆ ಪಟ್ಟಿಯಲ್ಲಿ 8424 ಎರಡು ಸಾಲಾಗಿ ಬರಬೇಕು: ಒಂದರಲ್ಲಿ 300 ರೂಪಾಯಿ ತೆರಿಗೆ, ಇನ್ನೊಂದರಲ್ಲಿ 1,800. ಎರಡೂ ಕೇಂದ್ರಕ್ಕರ್ಧ, ರಾಜ್ಯಕ್ಕರ್ಧ. ಕೋಡ್ ಒಂದನ್ನೇ ನೋಡಿ ಗುಂಪು ಮಾಡುವ ತಂತ್ರಾಂಶ 16,000ಕ್ಕೆ 2,100 ಎಂದು ಒಂದೇ ಸಾಲು ಬರೆದುಬಿಡುತ್ತದೆ. ಮೊತ್ತ ಸರಿಯಾಗಿಯೇ ಇರುವುದರಿಂದ ಯಾರ ಕಣ್ಣಿಗೂ ಬೀಳದು (ಕೊನೆಯ ಮೊತ್ತದಿಂದಾಚೆ ಬಿಲ್ ಓದುವವರಾದರೂ ಎಷ್ಟು ಜನ?). ತೆರಿಗೆಯನ್ನು ಸರಕಿನ ಬೆಲೆಯಿಂದ ಭಾಗಿಸಿ ನೋಡಿ: ಶೇ. 13.125 ಬರುತ್ತದೆ. ಅಂಥ ದರ ಜಿಎಸ್‌ಟಿಯಲ್ಲೇ ಇಲ್ಲ.