ಕಂತು ಹಗುರ, ಸಾಲ ಭಾರ

ಹೊಸದಾಗಿ ಅಮೆರಿಕಕ್ಕೆ ಬಂದ ಕುಟುಂಬಕ್ಕೆ ಮನೆ ಬಾಡಿಗೆಯ ನಂತರದ ದೊಡ್ಡ ಖರ್ಚೆಂದರೆ ಕಾರು. ನಮ್ಮವರು ಕಾರಿನ ಬೆಲೆಗೆ ಚೌಕಾಸಿ ಮಾಡುವುದರಲ್ಲಿ ಹಿಂದೆ ಬೀಳುವವರಲ್ಲ. ಮೂರು ಶೋರೂಮ್ ಸುತ್ತಿ, ಇಂಟರ್‌ನೆಟ್ ಜಾಲಾಡಿ ಐನೂರು ಡಾಲರ್ ಇಳಿಸಿಯೇ ತೀರುತ್ತಾರೆ. ಆದರೆ ಬೆಲೆ ಕುದುರಿದ ಮೇಲೆ ಒಳಗಿನ ಇನ್ನೊಂದು ಕೋಣೆಗೆ ಕರೆದೊಯ್ಯುತ್ತಾರಲ್ಲ, ಆ ಫೈನಾನ್ಸ್ ಆಫೀಸಿನಲ್ಲಿ ಅರ್ಧ ಗಂಟೆಯಲ್ಲಿ ಅದರ ಹತ್ತು ಪಟ್ಟು ಕಳೆದುಕೊಂಡು ಬರುತ್ತಾರೆ. ಇಲ್ಲಿ ಲೆಕ್ಕಪತ್ರದ ಕೆಲಸದಲ್ಲಿರುವ ನನ್ನ ಬಳಿಗೆ ಇಂಥ ಕಾಗದಗಳು ಬರುತ್ತಲೇ ಇರುತ್ತವೆ, ಹೆಚ್ಚಿನವು ಸಹಿ ಬಿದ್ದ ಮೇಲೆ.

ಇತ್ತೀಚೆಗೆ ಪರಿಚಯದ ಯುವಕನೊಬ್ಬ ಸಹಿಗೆ ಮುಂಚೆಯೇ ಬಂದ. ಮಗು ಅಳುತ್ತಿತ್ತೆಂದು ಶೋರೂಮಿನಿಂದ ಹೊರಟು, ಡೀಲರ್ ಕೊಟ್ಟ ಕೊಟೇಶನ್ ಹಾಳೆಯನ್ನು ಮನೆಗೆ ತಂದಿದ್ದ. ಕಾರಿನ ಬೆಲೆ 28,000 ಡಾಲರ್. ತೆರಿಗೆ, ನೋಂದಣಿ, ದಾಖಲೆ ಶುಲ್ಕ ಸೇರಿ 30,500. ಕೈಯಿಂದ 5,500 ಕಟ್ಟಿದರೆ ಬೇಕಾದ ಸಾಲ 25,000. ಅವನ ಕ್ರೆಡಿಟ್ ಯೂನಿಯನ್ ಅಷ್ಟು ಸಾಲವನ್ನು ಶೇ 7ರ ಬಡ್ಡಿಗೆ 60 ತಿಂಗಳಿಗೆ ಕೊಡಲು ಮೊದಲೇ ಒಪ್ಪಿತ್ತು. ಕಂತು 495 ಡಾಲರ್. ಡೀಲರ್ ತೋರಿಸಿದ ಕಂತು 523. ‘ಸರ್, ತಿಂಗಳಿಗೆ ಇಪ್ಪತ್ತೆಂಟು ಡಾಲರ್ ಅಷ್ಟೇ ಜಾಸ್ತಿ. ಅದಕ್ಕೆ ಮೂರು ಪ್ರೊಟೆಕ್ಷನ್ ಸಿಗುತ್ತೆ, ಬ್ಯಾಂಕಿಗೆ ಓಡಾಡೋ ಕೆಲಸ ಇಲ್ಲ’ ಎಂದ.

ಹಾಳೆಯಲ್ಲಿ ‘60’ ಇರಬೇಕಾದ ಜಾಗದಲ್ಲಿ ‘72’ ಇತ್ತು. ಬಡ್ಡಿ ಶೇ 9 ಆಗಿತ್ತು. ಸಾಲದ ಮೊತ್ತ 29,000ಕ್ಕೆ ಏರಿತ್ತು. ಹೆಚ್ಚಿದ ನಾಲ್ಕು ಸಾವಿರದಲ್ಲಿ ಸರ್ವೀಸ್ ಕಾಂಟ್ರಾಕ್ಟಿಗೆ 2,400, ಗ್ಯಾಪ್ ವಿಮೆಗೆ 900, ಬಣ್ಣ ಮತ್ತು ಸೀಟು ರಕ್ಷಣೆಗೆ 700. ಇಬ್ಬರೂ ಕೂತು ಗುಣಿಸಿದೆವು. ಕ್ರೆಡಿಟ್ ಯೂನಿಯನ್ ಸಾಲದಲ್ಲಿ ಒಟ್ಟು ಕಟ್ಟುವುದು ಸುಮಾರು 29,700 ಡಾಲರ್. ಡೀಲರ್ ಸಾಲದಲ್ಲಿ ಸುಮಾರು 37,640. ‘ಇಪ್ಪತ್ತೆಂಟು ಡಾಲರ್ ಅಷ್ಟೇ’ ಎಂದಿದ್ದರ ನಿಜವಾದ ಬೆಲೆ ಹತ್ತಿರ ಹತ್ತಿರ ಎಂಟು ಸಾವಿರ ಡಾಲರ್. ಅದರಲ್ಲಿ ಅರ್ಧ ಸೇರಿಸಿದ ವಸ್ತುಗಳದ್ದು, ಇನ್ನರ್ಧ ಬಡ್ಡಿಯದ್ದು. ಅವಧಿಯನ್ನು ಒಂದು ವರ್ಷ ಹಿಗ್ಗಿಸಿದ್ದರಿಂದ ಎರಡೂ ಕಂತಿನೊಳಗೆ ಅಡಗಿ ಕೂತಿದ್ದವು.

ಬಡ್ಡಿ ಎರಡು ಶೇಕಡಾ ಏರಿದ್ದು ಹೇಗೆ? ಡೀಲರ್ ಸಾಲ ಕೊಡುವವನಲ್ಲ, ಕೊಡಿಸುವವನು. ಬ್ಯಾಂಕು ನಿಮ್ಮ ಕ್ರೆಡಿಟ್ ನೋಡಿ ಅವನಿಗೆ ಒಂದು ದರ ಹೇಳುತ್ತದೆ. ಅದಕ್ಕೆ ಇಲ್ಲಿ ‘ಬೈ ರೇಟ್’ ಎನ್ನುತ್ತಾರೆ. ಅದರ ಮೇಲೆ ಬ್ಯಾಂಕು ಬಿಟ್ಟ ಮಿತಿಯೊಳಗೆ ಅವನು ತನ್ನ ಪಾಲು ಸೇರಿಸಿ ನಿಮಗೆ ಹೇಳಬಹುದು. ಆ ಹೆಚ್ಚುವರಿ ಬಡ್ಡಿಯ ದೊಡ್ಡ ಭಾಗ ಅವನಿಗೇ ಸೇರುತ್ತದೆ. 1968ರ ಸಾಲ ಪಾರದರ್ಶಕತೆ ಕಾಯ್ದೆಯ ಪ್ರಕಾರ ಕರಾರಿನಲ್ಲಿ ಎಪಿಆರ್, ಅಂದರೆ ವಾರ್ಷಿಕ ಬಡ್ಡಿ ದರ, ಕಾಣಿಸಲೇಬೇಕು. ಆದರೆ ಬೈ ರೇಟ್ ಎಷ್ಟಿತ್ತೆಂದು ಹೇಳಬೇಕಿಲ್ಲ. ಹಾಗಾಗಿ ಎಪಿಆರ್ ಸುಳ್ಳಲ್ಲ, ಅದು ನಿಮಗೆ ಸಿಗಬಹುದಾಗಿದ್ದ ದರವೂ ಅಲ್ಲ. ಹೋಲಿಸಲು ಕೈಯಲ್ಲಿ ಇನ್ನೊಂದು ಕಾಗದ ಇಲ್ಲದಿದ್ದರೆ ಇದು ಗೊತ್ತಾಗುವುದೇ ಇಲ್ಲ.

ಸೇರಿಸಿದ ವಸ್ತುಗಳದ್ದು ಬೇರೆಯೇ ಕಥೆ. ಗ್ಯಾಪ್ ವಿಮೆಯನ್ನೇ ನೋಡಿ. ಕಾರು ಪೂರ್ತಿ ನಜ್ಜುಗುಜ್ಜಾದರೆ ಮಾಮೂಲಿ ವಿಮೆ ಅಂದಿನ ಮಾರುಕಟ್ಟೆ ಬೆಲೆಯನ್ನಷ್ಟೇ ಕೊಡುತ್ತದೆ. ಸಾಲ ಅದಕ್ಕಿಂತ ಹೆಚ್ಚಿದ್ದರೆ ನಡುವಿನ ಅಂತರ ತುಂಬುವುದು ಗ್ಯಾಪ್. ಕೈಯಿಂದ ಕಡಿಮೆ ಕಟ್ಟಿದವರಿಗೆ ಇದು ಉಪಯೋಗದ್ದೇ. ಆದರೆ ಈ ಹಾಳೆಯಲ್ಲಿ 28,000ದ ಕಾರಿಗೆ 29,000 ಸಾಲ ನಿಂತಿತ್ತು. ವಸ್ತುಗಳನ್ನು ತುರುಕಿ ಅಂತರ ಹೆಚ್ಚಿಸಿ, ಆ ಅಂತರಕ್ಕೆ ವಿಮೆ ಮಾರಿದಂತಾಗಿತ್ತು. ಇದೇ ರಕ್ಷಣೆಯನ್ನು ಹಲವು ಕಾರು ವಿಮಾ ಕಂಪನಿಗಳು ತಮ್ಮ ಪಾಲಿಸಿಗೇ ಸೇರಿಸಿ ತುಂಬಾ ಕಡಿಮೆಗೆ ಕೊಡುತ್ತವೆ.

ಡೀಲರ್ ಅವನಿಗೆ ಇನ್ನೊಂದು ಮಾತನ್ನೂ ಹೇಳಿದ್ದ: ‘ಇದನ್ನು ತಗೊಳ್ಳದಿದ್ರೆ ಬ್ಯಾಂಕು ಸಾಲ ಪಾಸ್ ಮಾಡಲ್ಲ.’ ಸಾಲ ಕೊಟ್ಟವರು ಕಾರಿಗೆ ಅಪಘಾತ, ಕಳ್ಳತನದ ವಿಮೆ ಇರಬೇಕೆಂದು ಕೇಳುವುದು ನಿಜ. ಅದನ್ನು ನೀವು ಬೇಕಾದ ಕಂಪನಿಯಿಂದ ಮಾಡಿಸಬಹುದು. ಗ್ಯಾಪ್ ಹಾಗಲ್ಲ. ಅದು ನಿಜಕ್ಕೂ ಕಡ್ಡಾಯವಾದರೆ ಅದರ ಖರ್ಚು ಸಾಲದ ವೆಚ್ಚಕ್ಕೆ ಸೇರಬೇಕು, ಎಪಿಆರ್ ಕೂಡ ಏರಬೇಕು. ಎಪಿಆರ್‌ನಲ್ಲಿ ಸೇರದೆ ಪ್ರತ್ಯೇಕ ಸಹಿ ಕೇಳುತ್ತಿದ್ದಾರೆಂದರೆ ಅದು ಐಚ್ಛಿಕ ಎಂದೇ ಅರ್ಥ. ‘ಕಡ್ಡಾಯ ಅಂತ ಕರಾರಿನಲ್ಲಿ ಎಲ್ಲಿದೆ, ತೋರಿಸಿ’ ಎಂದು ಕೇಳಿದರೆ ಸಾಕು. ಅನುಮಾನವಿದ್ದರೆ ಸಾಲ ಕೊಡುವ ಬ್ಯಾಂಕಿಗೇ ಫೋನ್ ಮಾಡಿ.

ನಾವು ಮೂರು ಪ್ರಶ್ನೆ ಬರೆದುಕೊಂಡೆವು. ಒಂದು, ಕಂತು ಬಿಡಿ, ಕೊನೆಯವರೆಗೆ ಒಟ್ಟು ಎಷ್ಟು ಕಟ್ಟಬೇಕು? ಕರಾರಿನಲ್ಲಿ ‘ಟೋಟಲ್ ಆಫ್ ಪೇಮೆಂಟ್ಸ್’ ಎಂಬ ಚೌಕದಲ್ಲಿ ಅದಿರುತ್ತದೆ. ಎರಡು, ‘ಅಮೌಂಟ್ ಫೈನಾನ್ಸ್ಡ್’ ಮೊತ್ತ ಹೇಗಾಯಿತು, ಬಿಡಿಬಿಡಿಯಾಗಿ ಬರೆದು ಕೊಡಿ. ಇದನ್ನು ಕೇಳಲು ಕಾನೂನಿನ ಹಕ್ಕಿದೆ. ಮೂರು, ಈ ಮೂರೂ ವಸ್ತು ತೆಗೆದು, 60 ತಿಂಗಳಿಗೆ ಶೇ 7ಕ್ಕೆ ಕೊಡುತ್ತೀರೋ, ಕ್ರೆಡಿಟ್ ಯೂನಿಯನ್ ಸಾಲ ತರಲೋ? ಸೋಮವಾರ ಹೋದ. ಮೊದಲು ಮುಖ ಗಂಟಿಕ್ಕಿದರಂತೆ. ಮುಕ್ಕಾಲು ಗಂಟೆಯ ನಂತರ ಅದೇ ದರಕ್ಕೆ ಅವರೇ ಸಾಲ ಕೊಡಿಸಿದರು. ಗ್ಯಾಪ್ ಅನ್ನು ಅವನು ತನ್ನ ವಿಮಾ ಕಂಪನಿಯಿಂದಲೇ ಮಾಡಿಸಿಕೊಂಡ.

ಡೀಲರ್ ಮೂಲಕದ ಸಾಲವೇ ಬೇಡ ಎನ್ನುತ್ತಿಲ್ಲ. ಕಾರು ತಯಾರಕರು ಆಗಾಗ ಕೊಡುವ ಕಡಿಮೆ ಬಡ್ಡಿಯ ಕೊಡುಗೆ ಡೀಲರ್ ಬಳಿಯೇ ಸಿಗುವುದು. ಕ್ರೆಡಿಟ್ ಇತಿಹಾಸವಿಲ್ಲದ ಹೊಸಬರಿಗೆ ಕೆಲವೊಮ್ಮೆ ಬೇರೆ ದಾರಿಯೂ ಇರುವುದಿಲ್ಲ. ಆದರೂ ಮೊದಲು ಒಂದೆರಡು ಕಡೆ ದರ ಕೇಳಿ. ಹದಿನಾಲ್ಕು ದಿನದೊಳಗೆ ಹಲವು ಕಡೆ ಕಾರು ಸಾಲ ಕೇಳಿದರೂ ಕ್ರೆಡಿಟ್ ಸ್ಕೋರ್ ಲೆಕ್ಕದಲ್ಲಿ ಸಾಮಾನ್ಯವಾಗಿ ಅದು ಒಂದೇ ವಿಚಾರಣೆ. ‘ಮೂರು ದಿನದಲ್ಲಿ ವಾಪಸ್ ಮಾಡಬಹುದು’ ಎಂಬ ನಮ್ಮವರ ನಂಬಿಕೆ ಬಿಡಿ. ಆ ಫೆಡರಲ್ ನಿಯಮ ಶೋರೂಮಿನಲ್ಲಿ ಕೊಂಡ ಕಾರಿಗೆ ಅನ್ವಯಿಸುವುದಿಲ್ಲ. ಈಗಾಗಲೇ ಸಹಿ ಹಾಕಿದವರು ಸರ್ವೀಸ್ ಕಾಂಟ್ರಾಕ್ಟ್ ಮತ್ತು ಗ್ಯಾಪ್ ಕಾಗದಗಳಲ್ಲಿ ರದ್ದತಿಯ ಷರತ್ತು ಹುಡುಕಿ. ಹಲವು ಕರಾರುಗಳಲ್ಲಿ ಉಳಿದ ಅವಧಿಯ ಹಣ ವಾಪಸ್ ಬರುತ್ತದೆ. ಅದು ಸಾಮಾನ್ಯವಾಗಿ ಸಾಲಕ್ಕೆ ಜಮೆಯಾಗುವುದರಿಂದ ಕಂತು ಇಳಿಯುವುದಿಲ್ಲ, ಸಾಲ ಬೇಗ ತೀರುತ್ತದೆ.

ಡೀಲರ್ ತನ್ನ ಕಮಿಷನ್‌ಗಾಗಿ ಬಡ್ಡಿ ಏರಿಸುವುದನ್ನು ಆಸ್ಟ್ರೇಲಿಯಾ 2018ರಲ್ಲಿ, ಬ್ರಿಟನ್ 2021ರಲ್ಲಿ ನಿಷೇಧಿಸಿದವು. ಅಮೆರಿಕದಲ್ಲಿ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಡೀಲರುಗಳಿಗೆ ತಂದ ನಿಯಮ ಬಡ್ಡಿ ಏರಿಕೆಯನ್ನು ಮುಟ್ಟದಿದ್ದರೂ, ಪ್ರಯೋಜನವಿಲ್ಲದ ವಸ್ತುಗಳ ಮಾರಾಟ ತಡೆಯುವಂತಿತ್ತು. ರೂಪಿಸಿದ ವಿಧಾನ ಸರಿಯಿಲ್ಲವೆಂದು 2025ರ ಜನವರಿಯಲ್ಲಿ ನ್ಯಾಯಾಲಯ ಅದನ್ನೂ ರದ್ದುಪಡಿಸಿತು. ಇಲ್ಲಿ ಕಾನೂನು ಅಂಕಿಗಳನ್ನು ಕಾಗದದ ಮೇಲೆ ಬರೆಸುತ್ತದೆ, ಓದುವ ಕೆಲಸ ನಮ್ಮದೇ. ಆ ಕಾಗದವನ್ನು ಒಂದು ರಾತ್ರಿ ಮನೆಗೆ ತನ್ನಿ. ಒಯ್ಯಲು ಬಿಡದ ಡೀಲರ್‌ನ ಬಳಿ ಸಹಿ ಹಾಕಬೇಡಿ.