ಗಾಡಿ ಚಕ್ರದೊಳಗಿನ ಚುಕ್ಕೆಗೆರೆಗಳು

ಟಿ.ವಿ.ಯಲ್ಲಿ ಕ್ರಿಕೆಟ್ ನೋಡುವಾಗ ಒಬ್ಬ ಬ್ಯಾಟರ್ ಔಟಾದ ಕೂಡಲೇ ಪರದೆಯ ಮೇಲೆ ಹಸಿರು ವೃತ್ತವೊಂದು ಬರುತ್ತದಲ್ಲ, ನಡುವಿನಿಂದ ಅಂಚಿನ ಕಡೆಗೆ ಬಣ್ಣಬಣ್ಣದ ಗೆರೆಗಳು ಚಾಚಿರುತ್ತವೆ, ಅದರ ಹೆಸರು ‘ವ್ಯಾಗನ್ ವೀಲ್’. ವ್ಯಾಗನ್ ಎಂದರೆ ಗಾಡಿ, ವೀಲ್ ಎಂದರೆ ಚಕ್ರ. ನಂಜನಗೂಡಿನ ಸಂತೆಗೆ ಎತ್ತಿನ ಗಾಡಿ ಬರುತ್ತಿದ್ದ ಕಾಲವನ್ನು ಕಂಡ ಅಜ್ಜ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದು ಕಂಪ್ಯೂಟರ್ ಕಾಲದ ಆಟಿಕೆ ಎಂದುಕೊಂಡಿದ್ದೀರೇನೋ. ಅಲ್ಲ. ಸಿಡ್ನಿಯ ಬಿಲ್ ಫರ್ಗೂಸನ್ ಎಂಬಾತ 1905ರಲ್ಲಿ ಆಸ್ಟ್ರೇಲಿಯಾ ತಂಡದ ಜೊತೆ ಸ್ಕೋರರ್ ಆಗಿ ಇಂಗ್ಲೆಂಡಿಗೆ ಹೋದ. ಹೊಡೆತ ಯಾವ ದಿಕ್ಕಿಗೆ ಹೋಯಿತು ಎಂದು ಗೆರೆ ಎಳೆದಿಡುವ ಪದ್ಧತಿಗೆ ಹೆಸರಾದವನು ಅವನೇ. ಆ ಕೆಲಸ ಗಿಟ್ಟಿಸಲು ಅವನು ಮಾಡಿದ ಉಪಾಯ ಮಕ್ಕಳಿಗೆ ಇಷ್ಟವಾದೀತು. ಆಸ್ಟ್ರೇಲಿಯಾದ ಆಟಗಾರ ಮಾಂಟಿ ನೋಬಲ್ ವೃತ್ತಿಯಲ್ಲಿ ಹಲ್ಲಿನ ಡಾಕ್ಟರ್. ಫರ್ಗೂಸನ್ ಹಲ್ಲು ತೋರಿಸುವ ನೆಪದಲ್ಲಿ ಅವನ ಬಳಿ ಹೋಗಿ, ಕುರ್ಚಿಯಲ್ಲಿ ಕೂತು ತನ್ನ ಅರ್ಜಿ ಹಾಕಿಕೊಂಡನಂತೆ!

ಅವನು ಪೆನ್ಸಿಲ್ಲಿನಲ್ಲಿ ಮಾಡಿದ್ದನ್ನು ನಾವೂ ಮಾಡಬಹುದು. ನನ್ನ ಮೊಮ್ಮಗ ನಂಜನಗೂಡಿನ ಹುಡುಗರ ತಂಡವೊಂದರ ನಾಯಕ. ರಜೆಯಲ್ಲಿ ಟಿ. ನರಸೀಪುರದ ಹುಡುಗರ ಜೊತೆ ಇವರದು ಹದಿನೈದು ಓವರುಗಳ ಪಂದ್ಯ, ಕಾರ್ಕ್ ಚೆಂಡಿನಲ್ಲಿ. ಒಂದು ಸಲ ಅವರು ಇಲ್ಲಿಗೆ ಬರುತ್ತಾರೆ, ಒಂದು ಸಲ ಇವರು ಅಲ್ಲಿಗೆ ಹೋಗುತ್ತಾರೆ. ಸ್ಕೋರ್ ಬರೆಯುವ ಕೆಲಸ ನನ್ನದು. ಲೆಡ್ಜರ್ ಬರೆದ ಕೈ ಸುಮ್ಮನಿರುವುದಿಲ್ಲ.

ಮೊದಲು ಹಾಳೆಯ ಮೇಲೆ ದೊಡ್ಡ ವೃತ್ತ ಬರೆಯಿರಿ. ನಡುವೆ ಪಿಚ್. ಬ್ಯಾಟರ್ ನಿಲ್ಲುವ ತುದಿ ಮೇಲಕ್ಕೆ, ಬೌಲರ್ ತುದಿ ಕೆಳಕ್ಕೆ. ವೃತ್ತವನ್ನು ಎಂಟು ಪಾಲು ಮಾಡಿ. ಬಲಗೈ ಬ್ಯಾಟರ್‌ಗೆ ಆಫ್ ಬದಿಯಲ್ಲಿ ಥರ್ಡ್ ಮ್ಯಾನ್, ಪಾಯಿಂಟ್, ಕವರ್, ಲಾಂಗ್ ಆಫ್; ಲೆಗ್ ಬದಿಯಲ್ಲಿ ಲಾಂಗ್ ಆನ್, ಮಿಡ್‌ವಿಕೆಟ್, ಸ್ಕ್ವೇರ್ ಲೆಗ್, ಫೈನ್ ಲೆಗ್. ಎಡಗೈಯವನು ಬಂದರೆ ಹೆಸರುಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ಅದಲು ಬದಲು. ಪ್ರತಿ ಹೊಡೆತಕ್ಕೂ ಬ್ಯಾಟರ್ ನಿಂತ ಜಾಗದಿಂದ ಚೆಂಡು ನಿಂತ ಜಾಗದವರೆಗೆ ಒಂದು ಗೆರೆ, ತುದಿಯಲ್ಲಿ ಎಷ್ಟು ರನ್ ಎಂಬ ಅಂಕಿ.

ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಸ್ಕೋರರ್ ಕೂರುವುದು ಒಂದೇ ಕಡೆ, ಆದರೆ ಓವರ್ ಮುಗಿದಾಗ ಬೌಲಿಂಗ್ ತುದಿ ಬದಲಾಗುತ್ತದೆ. ಈ ಓವರಿನಲ್ಲಿ ನನ್ನ ಕಡೆಗಿದ್ದ ಆಫ್ ಬದಿ ಮುಂದಿನ ಓವರಿನಲ್ಲಿ ಆಚೆ ಕಡೆಗೆ ಹೋಗುತ್ತದೆ. ಅದನ್ನು ಮರೆತು ಕಣ್ಣಿಗೆ ಕಂಡ ದಿಕ್ಕಿಗೇ ಗೆರೆ ಎಳೆದರೆ ಚಕ್ರದ ತುಂಬ ಗೆರೆ ಒಂದೇ ಸಮ ಹರಡಿಕೊಂಡು, ‘ಇವನು ಎಲ್ಲ ಕಡೆಗೂ ಹೊಡೆಯುತ್ತಾನೆ’ ಎಂದು ಕಾಣುತ್ತದೆ. ಅಂಥ ಚಕ್ರ ಕಂಡರೆ ಮೊದಲು ಸ್ಕೋರರ್ ಮೇಲೆ ಅನುಮಾನ ಪಡಿ. ನಾನು ಓವರ್ ಮುಗಿದ ಕೂಡಲೇ ಹಾಳೆಯನ್ನು ಅರ್ಧ ಸುತ್ತು ತಿರುಗಿಸಿಬಿಡುತ್ತೇನೆ. ಆಮೇಲೆ ಕೊನೆಯಲ್ಲಿ ತಾಳೆ ನೋಡುವುದು: ಎಂಟು ಪಾಲಿನ ಮೊತ್ತ, ಸ್ಕೋರ್ ಪುಸ್ತಕದಲ್ಲಿ ಅವನ ಹೆಸರಿನ ಮುಂದಿರುವ ರನ್ನಿಗೆ ಸರಿಹೊಂದಬೇಕು. ಲೆಗ್ ಬೈ ಸೇರಿಸಿದರೆ ಹೊಂದುವುದಿಲ್ಲ. ಅದು ಬ್ಯಾಟಿಗೆ ತಾಗಿದ ಚೆಂಡಲ್ಲ.

ಇನ್ನು ನಂಜನಗೂಡಿನ ಪಂದ್ಯಕ್ಕೆ ಬರೋಣ. ನರಸೀಪುರದ ಮೂರನೇ ಕ್ರಮಾಂಕದ ಬಲಗೈ ಹುಡುಗ 44 ಚೆಂಡಿನಲ್ಲಿ 41 ರನ್ ಹೊಡೆದು ನಮ್ಮವರನ್ನು ಸೋಲಿಸಿದ. ಮಿಡ್‌ವಿಕೆಟ್ ಪಾಲಿನಲ್ಲಿ 18, ಸ್ಕ್ವೇರ್ ಲೆಗ್ಗಿನಲ್ಲಿ 9, ಲಾಂಗ್ ಆನ್‌ನಲ್ಲಿ 6, ಫೈನ್ ಲೆಗ್ಗಿನಲ್ಲಿ 2. ಲೆಗ್ ಬದಿಯದೇ 35 ಆಯಿತು. ಆಫ್ ಬದಿಯಲ್ಲಿ ಕವರ್ ಕಡೆ 3, ಥರ್ಡ್ ಮ್ಯಾನ್ ಕಡೆ 3, ಅಷ್ಟೇ.

ಹಾಳೆ ನೋಡಿದ ಮೊಮ್ಮಗ ಅಲ್ಲೇ ತೀರ್ಮಾನ ಮಾಡಿಬಿಟ್ಟ. “ತಾತ, ಮುಂದಿನ ಸಲ ಏಳು ಜನರನ್ನ ಲೆಗ್ ಸೈಡಿಗೆ ಹಾಕ್ತೀನಿ. ಕವರ್‌ನಲ್ಲಿ ನಿಲ್ಲೋನು ದಂಡ. ಅವನನ್ನ ತಂಡದಿಂದಲೇ ತೆಗೆದು ಇನ್ನೊಬ್ಬ ಬೌಲರ್ ಹಾಕೊಳ್ತೀನಿ.”

ಕವರ್‌ನಲ್ಲಿ ನಿಲ್ಲುವವನು ತಂಡದಲ್ಲೇ ಪುಟ್ಟ ಹುಡುಗ. ಬ್ಯಾಟಿಂಗ್ ಹನ್ನೊಂದನೆಯವನು, ಬೌಲಿಂಗ್ ಬರುವುದಿಲ್ಲ. ಪಂದ್ಯವಿಲ್ಲದ ದಿನವೂ ಬಿಳಿ ಅಂಗಿ ಹಾಕಿಕೊಂಡು ಬರುವವನು.

“ಚುಕ್ಕೆಗೆರೆ ನೋಡಿದೆಯೇನಪ್ಪ?” ಎಂದೆ.

ಟಿ.ವಿ.ಯ ಚಕ್ರದಲ್ಲಿ ಸಾಮಾನ್ಯವಾಗಿ ಕಾಣುವುದು ರನ್ ಬಂದ ಗೆರೆಗಳು ಮಾತ್ರ. ರನ್ ಬಾರದ ಚೆಂಡಿಗೂ ನಾನು ಗೆರೆ ಎಳೆಯುತ್ತೇನೆ, ಆದರೆ ಚುಕ್ಕೆ ಚುಕ್ಕೆಯಾಗಿ. ಆ 44ರಲ್ಲಿ ರನ್ ಬಂದದ್ದು 23 ಚೆಂಡಿನಲ್ಲಿ. ಉಳಿದ 21ರಲ್ಲಿ ನಾಲ್ಕು ಬೌಲರ್ ಕೈಗೇ ವಾಪಸ್ಸು, ಮೂರು ಮಿಡ್‌ವಿಕೆಟ್ ಹುಡುಗನ ಕೈಗೆ, ಐದು ಆಫ್ ಸ್ಟಂಪಿನಾಚೆ ಬ್ಯಾಟಿಗೆ ತಾಗದೆ ಕೀಪರ್ ಕೈಗೆ. ಮಿಕ್ಕ ಒಂಬತ್ತೂ ಕವರ್ ಕಡೆಗೆ ಬಿರುಸಾಗಿ ಹೊಡೆದವು! ಒಂಬತ್ತರಲ್ಲಿ ಏಳನ್ನು ಆ ಪುಟ್ಟ ಹುಡುಗನೇ ತಡೆದಿದ್ದ. ಅಂದರೆ ಬ್ಯಾಟರ್‌ಗೆ ಕವರ್ ಡ್ರೈವ್ ಬರುವುದಿಲ್ಲವೆಂದಲ್ಲ, ಅಲ್ಲಿ ದಾಟಲು ಬಿಟ್ಟಿರಲಿಲ್ಲ. ಚಕ್ರ ಬರೀ ಬ್ಯಾಟರ್‌ನ ಚಿತ್ರವಲ್ಲ, ಅವತ್ತು ನಿಂತಿದ್ದ ಫೀಲ್ಡರುಗಳ ಚಿತ್ರವೂ ಹೌದು. ಆ ಹುಡುಗನನ್ನು ತೆಗೆದಿದ್ದರೆ ಏಳೂ ಬೌಂಡರಿ ಆಗುತ್ತಿದ್ದವು ಎಂದು ನಾನು ಹೇಳಲಾರೆ, ಆದರೆ ಚಕ್ರದ ಆ ಪಾಲು ಖಾಲಿ ಉಳಿಯುತ್ತಿರಲಿಲ್ಲ.

ಹಾಗಾದರೆ ನಿಜವಾಗಿ ಖಾಲಿ ಯಾವುದು? ಪಾಯಿಂಟ್. ಅಲ್ಲಿ ರನ್ನಿನ ಗೆರೆಯೂ ಇಲ್ಲ, ಚುಕ್ಕೆಗೆರೆಯೂ ಇಲ್ಲ. ಹುಡುಗ ಕಟ್ ಹೊಡೆಯಲು ಹೋಗಲೇ ಇಲ್ಲ. (ನಮ್ಮ ಗುಂಡಪ್ಪ ವಿಶ್ವನಾಥ್ ಸ್ಕ್ವೇರ್ ಕಟ್ ನೋಡಿ ಬೆಳೆದ ನನ್ನಂಥವನಿಗೆ ಕಟ್ ಹೊಡೆಯದ ಬ್ಯಾಟರ್ ಎಂದರೆ ಒಗ್ಗರಣೆಯಿಲ್ಲದ ಸಾರಿನ ಹಾಗೆ. ಇರಲಿ.) ಅಲ್ಲಿ ನಿಂತ ಫೀಲ್ಡರ್ ಒಬ್ಬನನ್ನು ಧಾರಾಳವಾಗಿ ಬೇರೆ ಕಡೆಗೆ ಕಳಿಸಬಹುದು.

ಎಲ್ಲಿಗೆ? ಮಿಡ್‌ವಿಕೆಟ್ಟಿಗೆ ಎನ್ನುವುದು ಸುಲಭ. ಮೈದಾನದ ಅಂಚು 50 ಮೀಟರ್ ದೂರ ಎಂದುಕೊಳ್ಳಿ. ಮಕ್ಕಳೇ, ಸುತ್ತಳತೆ ಲೆಕ್ಕ ಹಾಕಿ: ಸುಮಾರು 314 ಮೀಟರ್. ಅದರ ಎಂಟನೇ ಒಂದು ಪಾಲು 39 ಮೀಟರ್. ಚೆಂಡು ಅಂಚು ಮುಟ್ಟಲು ಮೂರು ಸೆಕೆಂಡು ಬೇಕಾದರೆ, ಸೆಕೆಂಡಿಗೆ ಐದು ಮೀಟರ್ ಓಡುವ ಹುಡುಗ ಬಲಕ್ಕೆ 15, ಎಡಕ್ಕೆ 15 ಮೀಟರ್ ಕಾಯಬಲ್ಲ. ಪಾಲಿನ ನಡುವೆ ನಿಂತರೂ ಎರಡು ಕೊನೆಯಲ್ಲಿ ಸಂದು ಉಳಿಯುತ್ತದೆ, ಮೂಲೆಯಲ್ಲಿ ನಿಂತರಂತೂ ಪಾಲಿನ ಅರ್ಧಕ್ಕಿಂತ ಹೆಚ್ಚು ಬಯಲು. ಆದ್ದರಿಂದ ‘ಮಿಡ್‌ವಿಕೆಟ್ಟಿನಲ್ಲಿ 18’ ಎಂಬ ಮೊತ್ತ ಸಾಲದು, ಗೆರೆಗಳನ್ನೇ ನೋಡಬೇಕು. ಆ 18ರಲ್ಲಿ ಮೂರು ಬೌಂಡರಿ, ಎರಡು ಸಲ ಎರಡು ರನ್, ಎರಡು ಒಂಟಿ ರನ್. ಮೂರು ಬೌಂಡರಿಗಳ ಗೆರೆಗಳೂ ಒಂದರ ಪಕ್ಕ ಒಂದು, ಸ್ಕ್ವೇರ್ ಲೆಗ್ ಕಡೆಗೆ ವಾಲಿಕೊಂಡು, ಕಟ್ಟಿದ ಕಡ್ಡಿಗಳಂತೆ ಇದ್ದವು. ಕಾಯಬೇಕಾದದ್ದು ಆ ಜಾಗವನ್ನು.

ಇನ್ನೂ ಒಂದು. ನಾನು ಮಧ್ಯಮ ವೇಗಿಗೆ ನೀಲಿ ಪೆನ್ಸಿಲ್, ಸ್ಪಿನ್ನರ್‌ಗೆ ಕೆಂಪು ಪೆನ್ಸಿಲ್ ಇಟ್ಟುಕೊಂಡಿರುತ್ತೇನೆ. ಮೂರೂ ಬೌಂಡರಿ ಕೆಂಪು. ನಮ್ಮ ಆಫ್ ಸ್ಪಿನ್ನರ್ ಚೆಂಡು ಒಳಕ್ಕೆ ತಿರುಗುತ್ತದೆ, ಹುಡುಗ ಅದು ತಿರುಗುವ ದಿಕ್ಕಿಗೇ ಎತ್ತಿ ಬೀಸಿದ್ದ. ಬ್ಯಾಟಿಗೆ ತಾಗದ ಐದು ಚೆಂಡು, ಅಂಚಿಗೆ ತಾಗಿ ಥರ್ಡ್ ಮ್ಯಾನ್‌ಗೆ ಹೋದ ಮೂರು ರನ್, ಇವೆಲ್ಲ ನೀಲಿ. ಹೀಗಾಗಿ ಬದಲಾವಣೆ ಒಂದೇ ಆಯಿತು: ಪಾಯಿಂಟ್ ಹುಡುಗ ಸ್ಪಿನ್ನರ್ ಬಂದಾಗ ಲೆಗ್ ಬದಿಯ ಆ ಅಂಚಿಗೆ, ಮಧ್ಯಮ ವೇಗಿ ಬಂದಾಗ ಸ್ಲಿಪ್ಪಿಗೆ. ಉಳಿದ ಎಂಟು ಜನ ಹೆಚ್ಚುಕಡಿಮೆ ಇದ್ದಲ್ಲೇ. ಏಳು ಜನರನ್ನು ಲೆಗ್ ಬದಿಗೆ ತುಂಬುವ ಯೋಚನೆಗೆ ನಿಯಮದ ಕಾಟವೂ ಇದೆ. ಬೌಲರ್ ಚೆಂಡು ಬಿಡುವ ಹೊತ್ತಿಗೆ ಲೆಗ್ ಬದಿಯಲ್ಲಿ ಬ್ಯಾಟಿಂಗ್ ಗೆರೆಯ ಹಿಂದೆ ಕೀಪರ್ ಬಿಟ್ಟು ಇಬ್ಬರಿಗಿಂತ ಹೆಚ್ಚು ಜನ ನಿಂತರೆ ಅದು ನೋಬಾಲ್.

ಮೊಮ್ಮಗನಿಗೆ ಒಂದು ಎಚ್ಚರಿಕೆಯನ್ನೂ ಕೊಟ್ಟೆ. 2004ರ ಜನವರಿಯಲ್ಲಿ ಸಿಡ್ನಿಯಲ್ಲಿ ಸಚಿನ್ ತೆಂಡೂಲ್ಕರ್ 436 ಚೆಂಡು ಆಡಿ ಔಟಾಗದೆ 241 ಹೊಡೆದರು. ಅದೇ ಟೆಸ್ಟಿನಲ್ಲಿ ನಮ್ಮ ಕುಂಬ್ಳೆ ಆಸ್ಟ್ರೇಲಿಯಾದ ಮೊದಲ ಇನ್ನಿಂಗ್ಸಿನಲ್ಲಿ 8 ವಿಕೆಟ್ ಕಿತ್ತರು. ಸಚಿನ್ ಅವರ ಆ ದಿನದ ಚಕ್ರದಲ್ಲಿ ರನ್ ಎಲ್ಲ ಬಹುಪಾಲು ಲೆಗ್ ಬದಿಗೆ, ಕವರ್ ಬಡವಾಗಿತ್ತು. ಅವರಿಗೆ ಕವರ್ ಡ್ರೈವ್ ಬಾರದೆಯೇ? ಆ ಸರಣಿಯಲ್ಲಿ ಆಫ್ ಸ್ಟಂಪಿನಾಚೆಯ ಚೆಂಡನ್ನು ಕೆಣಕಿ ಔಟಾಗುತ್ತಿದ್ದೇನೆಂದು ಕಂಡು, ಆ ಹೊಡೆತವನ್ನೇ ಅವರು ಬದಿಗಿಟ್ಟಿದ್ದರು. ಖಾಲಿ ಪಾಲು ಕೆಲವೊಮ್ಮೆ ಬ್ಯಾಟರ್ ತಾನಾಗಿ ಹಾಕಿಕೊಂಡ ಬೀಗ. ಬೇಕೆಂದಾಗ ತೆಗೆದಾನು.

ಮರುಪಂದ್ಯ ಟಿ. ನರಸೀಪುರದಲ್ಲಿ. ಕಪಿಲೆ ಹೋಗಿ ಕಾವೇರಿ ಸೇರುವ ಊರಿಗೆ ನಮ್ಮವರೂ ಹೋಗಿ ಸೇರಿದರು. ಪುಟ್ಟ ಹುಡುಗ ಕವರ್‌ನಲ್ಲೇ ಇದ್ದ. ಸ್ಪಿನ್ನರ್‌ನ ಎರಡನೇ ಓವರಿನಲ್ಲಿ ಆ ಬ್ಯಾಟರ್ ಹಳೆಯ ಜಾಗಕ್ಕೇ ಎತ್ತಿದ. ಅಂಚಿನಲ್ಲಿದ್ದ ನಮ್ಮ ಹುಡುಗ ಕ್ಯಾಚ್ ಕೈಚೆಲ್ಲಿದ, ಆದರೂ ನಾಲ್ಕರ ಬದಲು ಒಂದೇ ರನ್. ಬ್ಯಾಟರ್ ಸುತ್ತ ನೋಡಿ ಪಾಯಿಂಟ್ ಖಾಲಿ ಇರುವುದನ್ನು ಕಂಡುಕೊಂಡ. ಲೆಗ್ ಕಡೆಗೆ ಸರಿದು ಕಟ್ ಹೊಡೆಯಲು ಶುರುಮಾಡಿದ, ಎರಡು ಬೌಂಡರಿಯೂ ಬಂತು. ಮೊಮ್ಮಗ ನನ್ನ ಕಡೆ ನೋಡಿದ, ನಾನು ಹಾಳೆಯಿಂದ ತಲೆ ಎತ್ತಲಿಲ್ಲ. ರೂಢಿಯಿಲ್ಲದ ಹೊಡೆತಕ್ಕೆ ಅವನನ್ನು ತಳ್ಳಿದ್ದೇವೆ, ಎರಡು ಬೌಂಡರಿ ಅದರ ಬಾಡಿಗೆ ಎಂಬುದು ನನ್ನ ಲೆಕ್ಕ. 27 ಚೆಂಡಿಗೆ 16 ಆಗಿದ್ದಾಗ ತನ್ನ ಬಿರುಸಿನ ಡ್ರೈವ್ ಹೊಡೆದ. ಚೆಂಡು ಮೊಣಕಾಲೆತ್ತರದಲ್ಲಿ ಕವರ್‌ಗೆ ಹೋಯಿತು. ಪುಟ್ಟ ಹುಡುಗ ಎರಡೂ ಕೈಯಲ್ಲಿ ಹಿಡಿದು, ಬಿಟ್ಟರೆ ಎಲ್ಲಿ ಬೀಳುತ್ತದೋ ಎಂಬಂತೆ ಚೆಂಡನ್ನು ಎದೆಗೆ ಒತ್ತಿಕೊಂಡು ಓಡಿಬಂದ.

ಪಂದ್ಯ ನಮ್ಮವರು ಮತ್ತೆ ಸೋತರು, ನಾಲ್ಕು ರನ್ನಿನಿಂದ. ನರಸೀಪುರದವರು ಈ ಸಲ ಒಬ್ಬ ಎಡಗೈ ಹುಡುಗನನ್ನು ತಂದಿದ್ದರು. ಅವನ ಚಕ್ರದಲ್ಲಿ ಇನ್ನೂ ಹನ್ನೊಂದೇ ಗೆರೆಗಳಿವೆ, ಅಷ್ಟರ ಮೇಲೆ ಯಾರನ್ನೂ ಜಾಗ ಬದಲಿಸಲು ನಾನು ಒಪ್ಪಿಲ್ಲ. ಮೊಮ್ಮಗ ಮಾತ್ರ ಎಡಗೈಯವನಿಗೆಂದು ಹಾಳೆಯ ಮೇಲೆ ಹೆಸರುಗಳನ್ನು ಅದಲು ಬದಲು ಮಾಡಿ ಆಗಲೇ ಬರೆದಿಟ್ಟುಕೊಂಡಿದ್ದಾನೆ, ಮೊದಲ ಹೆಸರು ಕವರ್‌ನದು.